x^(log x) = 100x: ಲಾಗ್ ತೆಗೆದುಕೊಂಡು ಬಿಡಿಸುವ ಸಮಗ್ರ ಮಾರ್ಗದರ್ಶಿ

ಈ ಸಮೀಕರಣಕ್ಕೆ ಉತ್ತರ ಎರಡು: 100 ಮತ್ತು 1/10. ಆದರೆ ಬಿಡಿಸಿದವರ ನೋಟ್‌ಬುಕ್ ತೆಗೆದು ನೋಡಿದರೆ ಹೆಚ್ಚಾಗಿ 100 ಒಂದೇ ಇರುತ್ತದೆ. ಅದನ್ನು ಸಮೀಕರಣಕ್ಕೆ ಹಾಕಿ ನೋಡಿರುತ್ತಾರೆ, ಸರಿಹೊಂದಿರುತ್ತದೆ, ಅಲ್ಲಿಗೆ ಪೆನ್ನು ಕೆಳಗಿಟ್ಟಿರುತ್ತಾರೆ. ತೊಂದರೆ ಏನೆಂದರೆ, ಈ ಲೆಕ್ಕದಲ್ಲಿ ತಪ್ಪು ದಾರಿಯಲ್ಲಿ ಹೋದವರಿಗೂ 100 ಸಿಗುತ್ತದೆ. ಅದೂ ಒಂದು ತಪ್ಪು ದಾರಿಯಲ್ಲ, ಮೂರು ಬೇರೆ ಬೇರೆ ತಪ್ಪುಗಳು ಅಲ್ಲಿಗೇ ಬಂದು ಸೇರುತ್ತವೆ. ಉತ್ತರ ತಾಳೆಯಾಯಿತು ಅಂತ ಕ್ರಮವೂ ಸರಿ ಎಂದುಕೊಂಡರೆ, ಮುಂದಿನ ಲೆಕ್ಕದಲ್ಲಿ ಅಂಕಿ ಸ್ವಲ್ಪ ಬದಲಾದರೂ ಕೈಕೊಡುತ್ತದೆ.

ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಯಾವ ಹಂತದಲ್ಲಿ ಕಾಲು ಜಾರುತ್ತದೆ, ಜಾರಿದ್ದು ಹೇಗೆ ಗೊತ್ತಾಗುತ್ತದೆ ಎನ್ನುವುದನ್ನು ಆಯಾ ಹಂತದಲ್ಲೇ ಹೇಳುತ್ತೇನೆ. ಬೇರೇನೂ ಹೇಳದಿದ್ದರೆ log ಅಂದರೆ 10 ಆಧಾರದ ಲಾಗ್.

## ಕೈಯಲ್ಲಿ ಏನಿರಬೇಕು

ಲಾಗ್‌ನ ನಿಯಮಗಳ ದೊಡ್ಡ ಪಟ್ಟಿ ಬೇಡ. ಈ ಮೂರು ಸಾಲು ಸಾಕು:

```
log(aᵇ) = b · log a
log(ab) = log a + log b
log x = t   ಎಂದರೆ   x = 10ᵗ
```

ಮೊದಲನೆಯದು ಘಾತದಲ್ಲಿ ಇರುವುದನ್ನು ಕೆಳಗಿಳಿಸುತ್ತದೆ. ಎರಡನೆಯದು ಗುಣಾಕಾರವನ್ನು ಕೂಡಿಕೆ ಮಾಡುತ್ತದೆ. ಮೂರನೆಯದು ಕೊನೆಯಲ್ಲಿ ಲಾಗ್‌ನಿಂದ ಹೊರಗೆ ಬರಲು. ಇವುಗಳ ಜೊತೆಗೆ ವರ್ಗ ಸಮೀಕರಣ ಬಿಡಿಸಲು ಬರಬೇಕು, ಅಪವರ್ತನ ಮಾಡಿಯೋ ಸೂತ್ರ ಹಾಕಿಯೋ. log 100 = 2, log 1000 = 3, log 0.1 = −1, log 1 = 0 ಇವು ಯೋಚನೆ ಮಾಡದೆ ಬಾಯಿಗೆ ಬರಬೇಕು. ಕ್ಯಾಲ್ಕುಲೇಟರ್ ಬೇಕಾಗುವುದು ಕೊನೆಯಲ್ಲಿ ತಾಳೆ ನೋಡಲು ಮಾತ್ರ.

## ಹಂತ 1: x > 0 ಎಂದು ಮೊದಲ ಸಾಲಲ್ಲೇ ಬರೆಯಿರಿ

ಘಾತದಲ್ಲಿ log x ಕೂತಿದೆ. ಸೊನ್ನೆಗಾಗಲಿ ಋಣ ಸಂಖ್ಯೆಗಾಗಲಿ ನಾವು ಬಳಸುವ ಲಾಗ್ ಇಲ್ಲ. ಆದ್ದರಿಂದ x ಧನ ಸಂಖ್ಯೆಯೇ ಆಗಿರಬೇಕು.

ಈ ಸಾಲನ್ನು ಸುಮ್ನೆ ಶಾಸ್ತ್ರಕ್ಕೆ ಬರೆಯುವುದಲ್ಲ. ಇದರಿಂದ ಎರಡು ಉಪಯೋಗ ಇದೆ. ಮೊದಲನೆಯದಾಗಿ, x ಧನ ಆಗಿದ್ದರೆ ಎಡಭಾಗವೂ ಧನ, ಬಲಭಾಗವೂ ಧನ. ಹಾಗಾಗಿ ಎರಡೂ ಕಡೆ ಲಾಗ್ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಎರಡು ಧನ ಸಂಖ್ಯೆಗಳು ಸಮ ಇದ್ದರೆ ಅವುಗಳ ಲಾಗ್ ಸಮ, ಲಾಗ್ ಸಮ ಇದ್ದರೆ ಸಂಖ್ಯೆಗಳೂ ಸಮ. ಅಂದರೆ ಲಾಗ್ ತೆಗೆದುಕೊಂಡಿದ್ದರಿಂದ ಹೊಸ ಉತ್ತರ ನುಸುಳುವುದಿಲ್ಲ, ಇದ್ದ ಉತ್ತರ ಹೋಗುವುದೂ ಇಲ್ಲ.

ಎರಡನೆಯದಾಗಿ, ಮುಂದೆ ಋಣ ಚಿಹ್ನೆ ಕಂಡಾಗ ಗಾಬರಿ ಆಗದಿರಲು ಇದು ಸಹಾಯಕ್ಕೆ ಬರುತ್ತದೆ. ಧನ ಆಗಿರಬೇಕಾದದ್ದು x. ಲಾಗ್ ಬಂದ ಮೇಲೆ ಅದು ಋಣ ಇರಬಹುದು, ಸೊನ್ನೆಯೂ ಇರಬಹುದು. ಈ ವ್ಯತ್ಯಾಸ ಹಂತ 6ರಲ್ಲಿ ಬೇಕಾಗುತ್ತದೆ.

## ಹಂತ 2: ಎರಡೂ ಕಡೆ ಗುಣಾಕಾರ ಮಾತ್ರ ಇದೆಯೇ ನೋಡಿ

ಲಾಗ್ ತೆಗೆಯುವ ಮೊದಲು ಸಮೀಕರಣದ ಆಕಾರ ನೋಡಿ. ಎಡಗಡೆ ಒಂದೇ ಒಂದು ಘಾತ, ಬಲಗಡೆ 100 ಗುಣಿಸು x. ಎಲ್ಲೂ ಕೂಡುವ, ಕಳೆಯುವ ಚಿಹ್ನೆ ಇಲ್ಲ. ಇಂಥ ಲೆಕ್ಕ ಲಾಗ್‌ಗೆ ಹೇಳಿ ಮಾಡಿಸಿದ್ದು.

ಅದೇ ಬಲಗಡೆ 100 + x ಇದ್ದಿದ್ದರೆ? log(100 + x) ಅನ್ನು ಬಿಡಿಸುವ ನಿಯಮವೇ ಇಲ್ಲ. ಅದನ್ನು log 100 + log x ಎಂದು ಬರೆದರೆ ಅದು 100x ನ ಲಾಗ್ ಆಗುತ್ತದೆಯೇ ಹೊರತು 100 + x ನದ್ದಲ್ಲ. ಆಕಾರ ನೋಡದೆ ನೇರವಾಗಿ ಲಾಗ್‌ಗೆ ಕೈಹಾಕುವವರು ಸಿಕ್ಕಿಕೊಳ್ಳುವುದು ಇಲ್ಲೇ. ಕೂಡಿಕೆ ಇರುವ ಒಂದು ಲೆಕ್ಕವನ್ನು ಕೊನೆಗೆ ಮಾಡಿ ತೋರಿಸುತ್ತೇನೆ, ಅದಕ್ಕೆ ದಾರಿ ಬೇರೆ.

## ಹಂತ 3: ಘಾತದಲ್ಲಿ ಇರುವ ಆಧಾರದಲ್ಲೇ ಲಾಗ್ ತೆಗೆದುಕೊಳ್ಳಿ

ಘಾತದಲ್ಲಿ ಇರುವುದು 10 ಆಧಾರದ ಲಾಗ್. ಆದ್ದರಿಂದ ಎರಡೂ ಕಡೆ ತೆಗೆಯುವುದೂ 10 ಆಧಾರದ ಲಾಗ್:

```
log( x^(log x) ) = log( 100x )
```

ಇಲ್ಲಿ ಬ್ರಾಕೆಟ್ ಬಿಡಬೇಡಿ. ಎಡಗಡೆ ಲಾಗ್ ಬಂದಿರುವುದು ಇಡೀ ಘಾತಕ್ಕೆ, ಬಲಗಡೆ ಇಡೀ 100x ಗೆ. ಈ ಬ್ರಾಕೆಟ್ ಮಾಯವಾದ ನೋಟ್‌ಬುಕ್‌ಗಳಲ್ಲೇ ಮುಂದಿನ ಎರಡು ತಪ್ಪುಗಳು ಜಾಸ್ತಿ.

ಸ್ವಾಭಾವಿಕ ಲಾಗ್, ಅಂದರೆ ln, ತೆಗೆದುಕೊಂಡರೂ ಲೆಕ್ಕ ಕೆಡುವುದಿಲ್ಲ. ಆದರೆ ಎಡಗಡೆ log x · ln x ಅಂತ ಎರಡು ಬೇರೆ ಬೇರೆ ಲಾಗ್ ಅಕ್ಕಪಕ್ಕ ಬಂದು ಕೂರುತ್ತವೆ. ಆಮೇಲೆ ಒಂದನ್ನು ಇನ್ನೊಂದಕ್ಕೆ ಬದಲಾಯಿಸಬೇಕು, ln 10 ಎಲ್ಲ ಕಡೆ ಅಂಟಿಕೊಳ್ಳುತ್ತದೆ. ಕೊನೆಗೆ ಅದು ಹೋಗುತ್ತದೆ ನಿಜ, ಆದರೆ ಅಷ್ಟರಲ್ಲಿ ಒಂದು ಚಿಹ್ನೆ ತಪ್ಪಿರುತ್ತದೆ.

## ಹಂತ 4: ಎರಡೂ ಭಾಗಗಳನ್ನು ಬಿಡಿಸಿ

ನಿಧಾನಿಸಬೇಕಾದ ಹಂತ ಇದು. ಮೂರು ತಪ್ಪುಗಳಲ್ಲಿ ಎರಡು ಇಲ್ಲೇ ಆಗುತ್ತವೆ.

ಮೊದಲು ಎಡಭಾಗ. ಘಾತದಲ್ಲಿ ಇರುವುದು log x. ಅದನ್ನು ಕೆಳಗಿಳಿಸಿದಾಗ ಲಾಗ್‌ನ ಒಳಗೆ x ಒಂದೇ ಉಳಿಯುತ್ತದೆ:

```
log( x^(log x) ) = (log x) · (log x) = (log x)²
```

ಇಲ್ಲಿ ಎರಡು log x ಇವೆ. ಒಂದು ಘಾತದಿಂದ ಇಳಿದು ಬಂದದ್ದು, ಇನ್ನೊಂದು ನಾವು ತೆಗೆದುಕೊಂಡದ್ದು. ಎರಡೂ ಗುಣಾಕಾರದಲ್ಲಿವೆ. ಆದ್ದರಿಂದ ಸಿಗುವುದು log x ನ ವರ್ಗ.

ತಪ್ಪಾಗುವುದು ಹೀಗೆ. ಅವಸರದಲ್ಲಿ ಬ್ರಾಕೆಟ್ ಇಲ್ಲದೆ log x² ಅಂತ ಬರೆಯುತ್ತಾರೆ. ಮುಂದಿನ ಸಾಲಿಗೆ ಬಂದಾಗ ಅದೇ ಬರಹವನ್ನು ಕಣ್ಣು ಬೇರೆ ಥರ ಓದುತ್ತದೆ: x² ನ ಲಾಗ್, ಅಂದರೆ 2 log x. ವರ್ಗ ಹೋಗಿ 2ರಿಂದ ಗುಣಿಸಿದ್ದಾಯಿತು. ಈಗ ಸಮೀಕರಣ 2 log x = 2 + log x ಎಂದಾಗುತ್ತದೆ. ಬಿಡಿಸಿದರೆ log x = 2, x = 100. ನೋಡಿ, ತಪ್ಪು ಮಾಡಿಯೂ 100 ಬಂತು.

ಎರಡೂ ಬೇರೆ ಎನ್ನುವುದಕ್ಕೆ x ಜಾಗದಲ್ಲಿ 1000 ಹಾಕಿ ನೋಡಿ. (log 1000)² ಅಂದರೆ 3 ರ ವರ್ಗ, 9. log(1000²) ಅಂದರೆ log 10,00,000, ಅಂದರೆ 6. ಆದ್ದರಿಂದ ಬರೆಯುವಾಗ ಯಾವಾಗಲೂ (log x)² ಎಂದು ಬ್ರಾಕೆಟ್ ಹಾಕಿಯೇ ಬರೆಯಿರಿ.

ಈಗ ಬಲಭಾಗ. ಇದು ಸುಲಭ:

```
log(100x) = log 100 + log x = 2 + log x
```

ಇಲ್ಲಿನ ತಪ್ಪು, ಗುಣಾಕಾರವನ್ನು ಗುಣಾಕಾರವಾಗಿಯೇ ಉಳಿಸಿಕೊಳ್ಳುವುದು: log 100 · log x, ಅಂದರೆ 2 log x. ಹಾಗೆ ಬರೆದವರಿಗೆ (log x)² = 2 log x ಸಿಗುತ್ತದೆ. ಅವರು ಎರಡೂ ಕಡೆ log x ಹೊಡೆದುಹಾಕುತ್ತಾರೆ. ಉಳಿಯುವುದು log x = 2. ಮತ್ತೆ x = 100! ಹೊಡೆದುಹಾಕದೆ ಅಪವರ್ತನ ಮಾಡಿದರೆ log x = 0 ಕೂಡ ಬರುತ್ತದೆ, ಅಂದರೆ x = 1. ಆಗಲಾದರೂ ತಪ್ಪು ಸಿಕ್ಕಿಬೀಳುತ್ತದೆ, ಯಾಕೆಂದರೆ 1 ನ್ನು ಹಾಕಿದರೆ ಎಡಗಡೆ 1⁰ = 1, ಬಲಗಡೆ 100. ಉತ್ತರಗಳಲ್ಲಿ 1 ಕಂಡುಬಂದರೆ ಬಲಭಾಗ ಬಿಡಿಸಿದ ಸಾಲಿಗೆ ಹಿಂದೆ ಹೋಗಿ.

ಇಷ್ಟೊಂದು ತಪ್ಪುಗಳು ಒಂದೇ ಉತ್ತರಕ್ಕೆ ಬರುವುದು ಕಾಕತಾಳೀಯ, ಆದರೆ ಅದಕ್ಕೊಂದು ಕಾರಣ ಇದೆ. log x ಜಾಗದಲ್ಲಿ 2 ಇಟ್ಟರೆ 2² = 4, 2 × 2 = 4, 2 + 2 = 4. ವರ್ಗ ಮಾಡಿ, 2ರಿಂದ ಗುಣಿಸಿ, 2 ಕೂಡಿ, ಮೂರಕ್ಕೂ ಒಂದೇ ಉತ್ತರ. ಪ್ರಶ್ನೆಯಲ್ಲಿ 100 ಇರುವುದರಿಂದ log 100 = 2 ಬರುತ್ತದೆ, ಒಂದು ಉತ್ತರವೂ log x = 2 ಆಗಿಬಿಟ್ಟಿದೆ. ಹಾಗಾಗಿ ಚಿಹ್ನೆ ಯಾವುದೇ ಹಾಕಿದರೂ 4 = 4 ಅಂತ ಸಮಾಧಾನ ಹೇಳುತ್ತದೆ. 2 ಬಿಟ್ಟು ಬೇರೆ ಅಂಕಿಗೆ ಈ ಸೌಭಾಗ್ಯ ಇಲ್ಲ.

## ಹಂತ 5: log x ಗೆ t ಎಂದು ಹೆಸರಿಟ್ಟು ವರ್ಗ ಸಮೀಕರಣ ಬಿಡಿಸಿ

ಈಗ ನಮ್ಮ ಮುಂದೆ ಇರುವುದು (log x)² = 2 + log x. log x = t ಎಂದು ಬರೆದುಕೊಳ್ಳಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಪುಟದ ಬದಿಯಲ್ಲಿ ಬರೆದು ಒಂದು ಚೌಕ ಹಾಕಿ. ಕೊನೆಯಲ್ಲಿ ಅದೇ ನಿಮ್ಮನ್ನು x ಕಡೆಗೆ ವಾಪಸ್ ಕರೆದುಕೊಂಡು ಹೋಗುವುದು.

```
t² = 2 + t
t² − t − 2 = 0
(t − 2)(t + 1) = 0
t = 2   ಅಥವಾ   t = −1
```

ಅಪವರ್ತನ ಮಾಡುವಾಗ ಚಿಹ್ನೆ ಅದಲುಬದಲಾದರೆ t = −2 ಮತ್ತು t = 1 ಬರುತ್ತದೆ. ತಾಳೆ ನೋಡಲು ಒಂದು ಕ್ಷಣ ಸಾಕು. ಎರಡು ಮೂಲಗಳ ಮೊತ್ತ 1 ಆಗಬೇಕು, ಗುಣಲಬ್ಧ −2 ಆಗಬೇಕು. 2 + (−1) = 1, 2 × (−1) = −2. ಸರಿಯಿದೆ.

## ಹಂತ 6: t ಯಿಂದ x ಗೆ ವಾಪಸ್ ಬನ್ನಿ, ಎರಡಕ್ಕೂ

ಮೂರನೇ ತಪ್ಪು ಇಲ್ಲಿದೆ, ಎರಡನೇ ಉತ್ತರವನ್ನು ಕೈಯಾರೆ ಎಸೆಯುವ ತಪ್ಪು. "t = −1 ಋಣ ಬಂದಿದೆ, ಲಾಗ್‌ಗೆ ಋಣ ಆಗಲ್ಲ ಅಲ್ವಾ? ಬಿಟ್ಟುಬಿಡು" ಎನ್ನುವ ಯೋಚನೆ. ಇದು ಹಂತ 1ರ ಮಾತನ್ನು ತಲೆಕೆಳಗಾಗಿ ಹಿಡಿದದ್ದು. ಲಾಗ್‌ನ ಒಳಗೆ ಹೋಗುವ ಸಂಖ್ಯೆ ಋಣ ಇರಬಾರದು. ಲಾಗ್‌ನಿಂದ ಹೊರಗೆ ಬರುವ ಬೆಲೆ ಹೇಗಿದ್ದರೂ ಸರಿ. 0 ಮತ್ತು 1 ರ ನಡುವಿನ ಯಾವ ಸಂಖ್ಯೆಯ ಲಾಗ್ ತೆಗೆದರೂ ಅದು ಋಣವೇ.

```
t = 2    →   x = 10²  = 100
t = −1   →   x = 10⁻¹ = 1/10
```

ಎರಡೂ ಧನ ಸಂಖ್ಯೆಗಳು. ಹಂತ 1ರ ಷರತ್ತನ್ನು ಎರಡೂ ದಾಟಿವೆ. ಎಸೆಯಲು ಕಾರಣವೇ ಇಲ್ಲ.

ಇನ್ನು ಕೆಲವರು t = −1 ಅನ್ನು ಇಟ್ಟುಕೊಳ್ಳುತ್ತಾರೆ, ಆದರೆ x = −10 ಎಂದು ಬರೆಯುತ್ತಾರೆ. ಘಾತದ ಮೇಲಿನ ಋಣ ಚಿಹ್ನೆ ಸಂಖ್ಯೆಯನ್ನು ಋಣ ಮಾಡುವುದಿಲ್ಲ, ತಲೆಕೆಳಗು ಮಾಡುತ್ತದೆ: 10⁻¹ ಅಂದರೆ 1/10. ಒಂದು ಗುರುತು ನೆನಪಿರಲಿ. 10 ರ ಘಾತ ಎಂದೂ ಋಣ ಬರುವುದಿಲ್ಲ. ಆದ್ದರಿಂದ ಕೊನೆಯ ಸಾಲಿನಲ್ಲಿ x ಋಣ ಕಂಡರೆ ತಪ್ಪಾಗಿರುವುದು ಇದೇ ಹಂತದಲ್ಲಿ, ಹಿಂದಿನದ್ದನ್ನು ಅಳಿಸಬೇಕಾಗಿಲ್ಲ.

ಮತ್ತೊಂದು, t = 2, t = −1 ಎಂದು ಬರೆದು ಅಡಿಗೆರೆ ಎಳೆದು ಮುಗಿಸುವುದು. ಪ್ರಶ್ನೆ ಕೇಳಿದ್ದು x. ಚೌಕ ಹಾಕಿದ ಆ ಸಾಲು ನೋಡಿ.

## ಹಂತ 7: ಮೂಲ ಸಮೀಕರಣಕ್ಕೆ ಹಾಕಿ ನೋಡಿ

t ಇರುವ ಸಮೀಕರಣಕ್ಕೆ ಹಾಕಿ ನೋಡಿದರೆ ಉಪಯೋಗ ಇಲ್ಲ, ಅದನ್ನೇ ತಪ್ಪಾಗಿ ಬರೆದಿದ್ದರೆ ತಪ್ಪು ಅಲ್ಲೇ ಅಡಗಿ ಕೂರುತ್ತದೆ. ಹಾಕಬೇಕಾದದ್ದು ಪ್ರಶ್ನೆಯಲ್ಲಿ ಕೊಟ್ಟ ಮೊದಲ ಸಾಲಿಗೆ.

x = 100 ಆದಾಗ ಘಾತಾಂಕ log 100 = 2. ಎಡಗಡೆ 100² = 10,000. ಬಲಗಡೆ 100 × 100 = 10,000.

x = 1/10 ಆದಾಗ ಘಾತಾಂಕ −1. ಎಡಗಡೆ (1/10)⁻¹ = 10. ಬಲಗಡೆ 100 × 1/10 = 10.

ಎರಡೂ ಸರಿ. ಆದರೆ ಹೀಗೆ ಹಾಕಿ ನೋಡುವುದರಿಂದ ಒಂದು ವಿಷಯ ಗೊತ್ತಾಗುವುದಿಲ್ಲ: ಯಾವುದಾದರೂ ಉತ್ತರ ಬಿಟ್ಟುಹೋಗಿದೆಯೇ ಎನ್ನುವುದು. 100 ಒಂದೇ ಬರೆದವರ ತಾಳೆಯೂ ಸರಿಯಾಗಿಯೇ ಬಂದಿರುತ್ತದೆ. ಅದಕ್ಕೆ ಬೇರೆ ಎರಡು ಪರೀಕ್ಷೆಗಳಿವೆ.

ಒಂದು, ಉತ್ತರಗಳ ಗುಣಲಬ್ಧ. t ಯ ಎರಡು ಮೂಲಗಳ ಮೊತ್ತ 1. t ಗಳು ಕೂಡಿದರೆ x ಗಳು ಗುಣಿಸುತ್ತವೆ. ಆದ್ದರಿಂದ ಎರಡು x ಗಳ ಗುಣಲಬ್ಧ 10¹ = 10 ಆಗಬೇಕು. 100 × 1/10 = 10. ಬಲಗಡೆ 100 ಇರಲಿ, 1000 ಇರಲಿ, ಅದನ್ನು ಗುಣಿಸುತ್ತಿರುವುದು ಬರೀ x ಆಗಿರುವವರೆಗೆ, ಎರಡು ಉತ್ತರ ಇದ್ದರೆ ಅವುಗಳ ಗುಣಲಬ್ಧ ಯಾವಾಗಲೂ 10.

ಇನ್ನೊಂದು, ಎರಡೂ ಭಾಗಗಳಲ್ಲಿ ಯಾವುದು ದೊಡ್ಡದು ಎಂದು ಕೆಲವು ಜಾಗಗಳಲ್ಲಿ ನೋಡುವುದು:

```
x = 0.01 :   ಎಡ 10,000         ಬಲ 1
x = 1    :   ಎಡ 1              ಬಲ 100
x = 1000 :   ಎಡ 100,00,00,000  ಬಲ 1,00,000
```

0.01 ಹತ್ತಿರ ಎಡಭಾಗ ದೊಡ್ಡದು. 1 ಕ್ಕೆ ಬರುವಷ್ಟರಲ್ಲಿ ಬಲಭಾಗ ದೊಡ್ಡದಾಗಿದೆ. 1000 ದಲ್ಲಿ ಮತ್ತೆ ಎಡಭಾಗ. ಮೇಲುಗೈ ಎರಡು ಸಲ ಬದಲಾಗಿದೆ ಎಂದರೆ ನಡುವೆ ಎರಡು ಕಡೆ ಸಮ ಆಗಲೇಬೇಕು. 0.01 ಮತ್ತು 1 ರ ನಡುವೆ ಒಂದು ಉತ್ತರ ಇದ್ದೇ ಇದೆ ಎಂದು ಬಿಡಿಸುವ ಮೊದಲೇ ಗೊತ್ತಾಗುತ್ತದೆ. ರಫ್ ಶೀಟಿನಲ್ಲಿ ಈ ಮೂರು ಸಾಲು ಬರೆದವರು 1/10 ನ್ನು ಕಳೆದುಕೊಳ್ಳುವುದಿಲ್ಲ.

## ನಿಮ್ಮ ಕ್ರಮ ಸರಿಯೇ? 100ರ ಜಾಗದಲ್ಲಿ 10,00,000 ಹಾಕಿ

2 ರ ಕಾಕತಾಳೀಯ ಇಲ್ಲದ ಲೆಕ್ಕದಲ್ಲಿ ಮಾತ್ರ ಕ್ರಮದ ಬಣ್ಣ ಬಯಲಾಗುತ್ತದೆ. ಇದನ್ನು ಮಾಡಿ ನೋಡಿ:

```
x^(log x) = 10⁶ · x
```

ಸರಿಯಾದ ದಾರಿಯಲ್ಲಿ t² = 6 + t, ಅಂದರೆ t² − t − 6 = 0, (t − 3)(t + 2) = 0. t = 3 ಅಥವಾ −2. x = 1000 ಅಥವಾ 1/100. ತಾಳೆ ನೋಡಿ: 1000³ = 10⁹, ಬಲಗಡೆ 10⁶ × 10³ = 10⁹. ಇನ್ನೊಂದಕ್ಕೆ (1/100)⁻² = 10⁴, ಬಲಗಡೆ 10⁶ × 10⁻² = 10⁴. ಗುಣಲಬ್ಧ 1000 × 1/100 = 10.

ಈಗ ತಪ್ಪು ದಾರಿಗಳು. ವರ್ಗವನ್ನು 2t ಮಾಡಿದವರಿಗೆ 2t = 6 + t, t = 6. ಬಲಗಡೆ ಗುಣಿಸಿದವರಿಗೆ t² = 6t, ಅಲ್ಲೂ t = 6. ಇಬ್ಬರಿಗೂ x = 10⁶. ಹಾಕಿ ನೋಡಿದರೆ ಎಡಗಡೆ (10⁶)⁶ = 10³⁶, ಬಲಗಡೆ 10¹². ಒಂದರ ಮುಂದೆ 36 ಸೊನ್ನೆ, ಇನ್ನೊಂದರ ಮುಂದೆ 12. 100ರ ಲೆಕ್ಕದಲ್ಲಿ ಅಡಗಿದ್ದ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ನಿಮಗೆ 10⁶ ಬಂದಿದ್ದರೆ ಹಂತ 4ಕ್ಕೆ, 1000 ಒಂದೇ ಬಂದಿದ್ದರೆ ಹಂತ 6ಕ್ಕೆ ಹಿಂದೆ ಹೋಗಿ.

## ಅಪವರ್ತನ ಆಗದಿದ್ದಾಗ, ಉತ್ತರವೇ ಇಲ್ಲದಾಗ

ಬಲಗಡೆ 1000x ಇದ್ದರೆ t² − t − 3 = 0 ಬರುತ್ತದೆ. ಅಪವರ್ತನ ಆಗುವುದಿಲ್ಲ, ಸೂತ್ರ ಹಾಕಬೇಕು: t = (1 ± √13)/2. ಅಂದರೆ t ಸುಮಾರು 2.303 ಮತ್ತು −1.303. x ಸುಮಾರು 200.8 ಮತ್ತು 0.0498. ಉತ್ತರ ಬರೆಯುವಾಗ 10 ರ ಘಾತದಲ್ಲೇ (1 ± √13)/2 ಎಂದು ಬಿಟ್ಟರೆ ಅದು ನಿಖರ. ದಶಮಾಂಶಕ್ಕೆ ತಿರುಗಿಸುವುದಾದರೆ t ಯನ್ನು ಬೇಗ ಮೊಟಕು ಮಾಡಬೇಡಿ. t ಯನ್ನು 2.3 ಎಂದು ಮಾಡಿ 10 ರ ಘಾತಕ್ಕೆ ಏರಿಸಿದರೆ 199.5 ಬರುತ್ತದೆ. ಘಾತದಲ್ಲಿ ಆದ ಸಣ್ಣ ವ್ಯತ್ಯಾಸ ಉತ್ತರದಲ್ಲಿ ದೊಡ್ಡದಾಗುತ್ತದೆ.

ಬಲಗಡೆ 0.01x ಇದ್ದರೆ log 0.01 = −2. ಸಮೀಕರಣ t² − t + 2 = 0. ಇದರ ಶೋಧಕ 1 − 8 = −7, ಋಣ. ವಾಸ್ತವ ಮೂಲ ಇಲ್ಲ, ಆದ್ದರಿಂದ x ಗೂ ಉತ್ತರ ಇಲ್ಲ. ಇಲ್ಲಿ "ಉತ್ತರ ಇಲ್ಲ" ಎಂದು ಬರೆಯುವುದೇ ಸರಿಯಾದ ಉತ್ತರ. ಆದರೆ ಶೋಧಕ ಋಣ ಬರುವುದಕ್ಕೂ t ಋಣ ಬರುವುದಕ್ಕೂ ಸಂಬಂಧ ಇಲ್ಲ. ಮೊದಲನೆಯದರಲ್ಲಿ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ, ಎರಡನೆಯದರಲ್ಲಿ ಮುಂದುವರಿಯುತ್ತದೆ.

ಗಡಿ ಎಲ್ಲಿ ಅಂತ ಕೇಳಿದರೆ, ಬಲಗಡೆ kx ಇದ್ದಾಗ ಶೋಧಕ 1 + 4 log k. ಇದು ಸೊನ್ನೆಗಿಂತ ಕಡಿಮೆ ಆಗಬಾರದು. ಅಂದರೆ log k ಕನಿಷ್ಠ −1/4 ಇರಬೇಕು, k ಸುಮಾರು 0.562 ಅಥವಾ ಅದಕ್ಕಿಂತ ಹೆಚ್ಚಿರಬೇಕು. k = 0.5 ಆದರೆ ಉತ್ತರ ಇಲ್ಲ. k = 1 ಆದರೆ t = 0 ಮತ್ತು 1, x = 1 ಮತ್ತು 10. ಇಲ್ಲಿ ಮಾತ್ರ x = 1 ನಿಜವಾದ ಉತ್ತರ.

## ಪ್ರಶ್ನೆಯ ರೂಪ ಬದಲಾದಾಗ

ಘಾತದಲ್ಲಿ ಕೂಡಿಕೆ ಇದ್ದರೆ. x^(log x + 1) = 10⁶ ಎಂದು ಕೊಟ್ಟಿದ್ದಾರೆ ಎನ್ನಿ. ಘಾತವನ್ನು ಕೆಳಗಿಳಿಸುವಾಗ ಇಡೀ ಘಾತ ಬ್ರಾಕೆಟ್ ಸಮೇತ ಇಳಿಯಬೇಕು: (t + 1) · t = 6. ಬ್ರಾಕೆಟ್ ಬಿಟ್ಟವರು t² + 1 = 6 ಎಂದು ಬರೆದು √5 ರಲ್ಲಿ ಸಿಕ್ಕಿಕೊಳ್ಳುತ್ತಾರೆ. ಸರಿಯಾಗಿ ಮಾಡಿದರೆ t² + t − 6 = 0, t = 2 ಅಥವಾ −3, x = 100 ಅಥವಾ 1/1000. ಇಲ್ಲಿ t ಗಳ ಮೊತ್ತ −1, ಆದ್ದರಿಂದ x ಗಳ ಗುಣಲಬ್ಧ 1/10. 10 ಎಂದು ನಿರೀಕ್ಷಿಸಬೇಡಿ.

ಆಧಾರ ಬೇರೆ ಇದ್ದರೆ. x ನ ಘಾತದಲ್ಲಿ 2 ಆಧಾರದ ಲಾಗ್ ಇದ್ದು ಬಲಗಡೆ 8x² ಇದ್ದರೆ, ಎರಡೂ ಕಡೆ 2 ಆಧಾರದ ಲಾಗನ್ನೇ ತೆಗೆದುಕೊಳ್ಳಿ. 8 ರ ಲಾಗ್ 3, x² ನ ಲಾಗ್ 2t. ಹಾಗಾಗಿ t² = 3 + 2t, t = 3 ಅಥವಾ −1. ವಾಪಸ್ ಬರುವಾಗ 10 ಅಲ್ಲ, 2 ರ ಘಾತ: x = 8 ಅಥವಾ 1/2. 8³ = 512, 8 × 64 = 512. ಇನ್ನೊಂದು, (1/2)⁻¹ = 2, 8 × 1/4 = 2. ಅಭ್ಯಾಸಬಲದಿಂದ x = 1000 ಎಂದು ಬರೆಯುವವರು ಇದ್ದಾರೆ.

x ಜಾಗದಲ್ಲಿ x − 2 ಇದ್ದರೆ. (x − 2) ನ ಘಾತ log(x − 2), ಬಲಗಡೆ 100(x − 2). ಷರತ್ತು ಈಗ x > 2. t = log(x − 2) ಎಂದು ಇಟ್ಟರೆ ಲೆಕ್ಕ ಅದೇ. ಆದರೆ 100 ಮತ್ತು 1/10 ಬಂದದ್ದು x − 2 ಕ್ಕೆ. x ಬೇಕೆಂದರೆ 2 ಕೂಡಿ: 102 ಮತ್ತು 2.1.

ಎರಡು ಪದಗಳ ಮೊತ್ತ ಇದ್ದರೆ. ಹಂತ 2ರಲ್ಲಿ ಬಾಕಿ ಇಟ್ಟದ್ದು ಇದು:

```
10^((log x)²) + x^(log x) = 20
```

ಎಡಗಡೆ ಕೂಡಿಕೆ ಇದೆ. ನೇರವಾಗಿ ಲಾಗ್ ತೆಗೆದರೆ ಮುಂದೆ ಹೋಗಲು ದಾರಿಯಿಲ್ಲ. ಬದಲಿಗೆ x = 10ᵗ ಎಂದು ಹಾಕಿ. ಎರಡನೇ ಪದ (10ᵗ)ᵗ ಆಗುತ್ತದೆ, ಅಂದರೆ 10 ರ ಘಾತ t². ಮೊದಲನೆಯದೂ ಅದೇ! ಎರಡೂ ಪದಗಳು ಒಂದೇ ಆದದ್ದರಿಂದ ಅದರ ಎರಡರಷ್ಟು 20, ಅಂದರೆ 10 ರ ಘಾತ t² = 10. ಈಗ t² = 1, t = 1 ಅಥವಾ −1, x = 10 ಅಥವಾ 1/10. ಕೂಡಿಕೆಯನ್ನು ಮೊದಲು ಒಂದೇ ಪದವಾಗಿಸಿಕೊಂಡು, ಆಮೇಲೆ ಲಾಗ್‌ಗೆ ಬರುವುದು ಇಲ್ಲಿನ ಕ್ರಮ. 100 + x ನಂಥ ಮೊತ್ತ ಹೀಗೆ ಒಂದಾಗುವುದಿಲ್ಲ. ಅಂಥದ್ದಕ್ಕೆ ಗ್ರಾಫ್ ಎಳೆದೋ ಕಂಪ್ಯೂಟರಿನಲ್ಲಿ ಹುಡುಕಿಯೋ ಅಂದಾಜು ಉತ್ತರ ಪಡೆಯಬೇಕು.

## ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡುವಾಗ

ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಸಾಮಾನ್ಯವಾಗಿ log ಗುಂಡಿ 10 ಆಧಾರದ್ದು, ln ಗುಂಡಿ e ಆಧಾರದ್ದು. ಘಾತ ಒತ್ತುವಾಗ log(0.1) ಗೆ ಬ್ರಾಕೆಟ್ ಹಾಕಿ. (log x)² ಒತ್ತುವಾಗಲೂ ಮೊದಲು ಲಾಗ್ ತೆಗೆದು, ಸಮ ಒತ್ತಿ, ಆಮೇಲೆ ವರ್ಗ ಮಾಡುವುದು ಕ್ಷೇಮ. 0.1 ನ್ನೇ ಮೊದಲು ವರ್ಗ ಮಾಡಿದರೆ 1 ರ ಬದಲು −2 ಬರುತ್ತದೆ.

ಪೈಥಾನ್ ಬಳಸುವವರು ಎಚ್ಚರ. ಅಲ್ಲಿ `math.log(x)` ಎಂದರೆ e ಆಧಾರದ ಲಾಗ್. 10 ಆಧಾರಕ್ಕೆ `log10` ಎಂದೇ ಬರೆಯಬೇಕು:

```python
from math import log10
for x in (100, 0.1):
    print(x ** log10(x), 100 * x)
```

ಪ್ರತಿ ಸಾಲಿನಲ್ಲಿ ಎರಡು ಅಂಕಿಗಳು ಸಮ ಬರಬೇಕು: ಮೊದಲ ಸಾಲಿನಲ್ಲಿ 10,000, ಎರಡನೆಯದರಲ್ಲಿ 10. `log10` ಜಾಗದಲ್ಲಿ `log` ಹಾಕಿದ್ದರೆ ಮೊದಲ ಸಾಲಿನ ಎಡಗಡೆ ಸುಮಾರು 162 ಕೋಟಿ ಬರುತ್ತದೆ. ಅದನ್ನು ನೋಡಿ ಉತ್ತರ ತಪ್ಪು ಎಂದುಕೊಂಡು ಸರಿಯಿರುವ ಪುಟವನ್ನು ಹೊಡೆದುಹಾಕಬೇಡಿ. ಹಾಗೆಯೇ, ಆನ್‌ಲೈನ್ ಸಾಧನ ಯಾವುದಾದರೂ ಈ ಸಮೀಕರಣಕ್ಕೆ ಸುಮಾರು 14.93 ಮತ್ತು 0.182 ಎಂಬ ಉತ್ತರ ಕೊಟ್ಟರೆ ಅದು log ಅನ್ನು ln ಎಂದು ಓದಿಕೊಂಡಿದೆ. ಆ ಎರಡರ ಗುಣಲಬ್ಧ ಮಾಡಿ ನೋಡಿ, 10 ರ ಬದಲು ಸುಮಾರು 2.718 ಬರುತ್ತದೆ. ಅದು e ಯ ಬೆಲೆ. ಆಧಾರವನ್ನು 10 ಎಂದು ಸ್ಪಷ್ಟವಾಗಿ ಕೊಟ್ಟು ಮತ್ತೆ ಕೇಳಿ.